ನೂರಾ ಇಪ್ಪತ್ತನೇ ಪೈಪು

2018ರ ಅಕ್ಟೋಬರ್ 28, ರವಿವಾರ. ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ಹುಬ್ಬಳ್ಳಿಯ ಸ್ಟೇಶನ್ ರಸ್ತೆಯ ಕಡೆ ಇರುವ ಒಂದು ಪೈಪು-ಫಿಟ್ಟಿಂಗ್ಸ್ ಅಂಗಡಿಗೆ ಆಗ ನಾನು ಲೆಕ್ಕ ಬರೆಯುತ್ತಿದ್ದೆ. ಧಾರವಾಡದಿಂದ ಬೇಂದ್ರೆ ಬಸ್ಸಿಗೆ ಬಂದು ವಾರದಲ್ಲಿ ಎರಡು ದಿನ ಅಲ್ಲಿ, ಉಳಿದ ದಿನ ಬೇರೆ ಮೂರು ಅಂಗಡಿಗಳಲ್ಲಿ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಗಿದ್ದರೂ ಆ ಅಂಗಡಿಯ ಸಾಹುಕಾರರು ಪಾಡ್ಯದ ದಿನ ಕೆಂಪು ಬಟ್ಟೆಯ ಖಾತೆ ಪುಸ್ತಕಕ್ಕೇ ಪೂಜೆ ಮಾಡುವವರು. ಪೂಜೆಗೆ ಮುಂಚೆ ಗೋದಾಮಿನ ಮಾಲನ್ನು ಒಮ್ಮೆ ಕೈಯಿಂದ ಎಣಿಸಿ, ಕಂಪ್ಯೂಟರಿನಲ್ಲಿ ಇದ್ದದ್ದಕ್ಕೆ ತಾಳೆ ನೋಡುವುದು ಅವರ ರೂಢಿ.

ಆ ರವಿವಾರ ಗೋಕುಲ ರಸ್ತೆಯ ಗೋದಾಮಿನಲ್ಲಿ ಎಣಿಕೆ ನಡೆಯಿತು. ಸಂಜೆ ನನಗೆ ಫೋನು ಬಂತು.

“ಅಕ್ಕಾರ, ನಾಕಿಂಚಿನ ಪೈಪು ಅರವತ್ತು ಕಡಿಮಿ ಅದಾವ. ಒಂದಿಂಚಿಂದು ನೂರಾ ಹತ್ತೊಂಬತ್ತು ಕಡಿಮಿ. ಇವೇನ್ ಕಿಸೇದಾಗ ಇಟಗೊಂಡು ಹೋಗೂ ಮಾಲ್ ಏನ್ರಿ? ಯಾರೋ ಗಾಡಿ ತಂದು ತುಂಬಿಕೊಂಡು ಹೋಗ್ಯಾರ.”

“ಯಾರೋ” ಎಂದರೂ ಅವರ ಮನಸ್ಸಿನಲ್ಲಿ ಒಬ್ಬನೇ ಇದ್ದ. ಗೋದಾಮಿನ ಕೀಲಿ ಇರುತ್ತಿದ್ದದ್ದು ಒಬ್ಬ ಹುಡುಗನ ಹತ್ತಿರ. ಕಲಘಟಗಿ ಕಡೆಯವನು, ಆರು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದವನು. ಮರುದಿನ ನಾನು ಅಂಗಡಿಗೆ ಹೋದಾಗ ಕೀಲಿ ಗಲ್ಲಾಪೆಟ್ಟಿಗೆಯಲ್ಲಿತ್ತು. ಹುಡುಗ ಅಂಗಡಿಯ ಮುಂದೆ ಎಲ್ಬೋ, ಟೀಗಳ ಡಬ್ಬಿ ಒರೆಸುತ್ತ ಕೂತಿದ್ದ. ಯಾರೂ ಅವನಿಗೆ ಏನೂ ಅಂದಿರಲಿಲ್ಲ. ಕೀಲಿ ಇಸಿದುಕೊಂಡಿದ್ದರು, ಅಷ್ಟೇ. ಅವನು ನನ್ನ ಮುಖ ನೋಡಲಿಲ್ಲ.

ನಾನು ಅವತ್ತೇ ಲೆಕ್ಕ ತೆಗೆದು ನೋಡಬೇಕಿತ್ತು. ನೋಡಿದೆ ಕೂಡ, ಆದರೆ ತಪ್ಪು ಕಡೆಯಿಂದ ನೋಡಿದೆ. ಮಾರಾಟದ ಬಿಲ್ಲುಗಳಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದು ಮೂರು ತಿಂಗಳದ್ದು ತಿರುವಿದೆ. ಮಾಲು ಕಡಿಮೆ ಬಿದ್ದಾಗ ಎಲ್ಲರೂ ಮೊದಲು ಹೊರಗೆ ಹೋದದ್ದನ್ನೇ ಹುಡುಕುತ್ತೇವೆ. ಒಳಗೆ ಬಂದದ್ದೇ ಕಡಿಮೆ, ಬರೆದದ್ದು ಹೆಚ್ಚು ಎಂಬ ವಿಚಾರ ಹೊಳೆಯಲಿಲ್ಲ. ಜಮಾ-ಖರ್ಚು ಸರಿಯಾಗಿ ತಾಳೆ ಬಿದ್ದಿತ್ತು. ಲಾಭವೂ ಹಿಂದಿನ ವರ್ಷದ ಪ್ರಮಾಣದಲ್ಲೇ ಇತ್ತು. ಎಲ್ಲಿಯೂ ಒಂದು ಅಂಕಿ ನನ್ನ ಕಣ್ಣಿಗೆ ಚುಚ್ಚಲಿಲ್ಲ.

ಯಾಕೆ ಚುಚ್ಚಲಿಲ್ಲ ಎಂಬುದನ್ನು ಹೇಳಬೇಕು. ಒಂದು ಖರೀದಿ ಬಿಲ್ಲನ್ನು ಎರಡು ಸಲ ಬರೆದರೆ ಎರಡೂ ಸಲ ಅದು ಪೂರ್ತಿಯಾಗಿಯೇ ಹೋಗುತ್ತದೆ: ಖರೀದಿಗೆ ಅಷ್ಟು, ತೆರಿಗೆಗೆ ಅಷ್ಟು, ಕೊಡಬೇಕಾದವರ ಖಾತೆಗೆ ಅಷ್ಟು. ಎರಡೂ ಕಡೆ ಸಮ. ಹಾಗಾಗಿ ತಾಳೆಪಟ್ಟಿ ತಪ್ಪನ್ನು ತೋರಿಸುವುದಿಲ್ಲ. ಇನ್ನು ಲಾಭ. ಖರೀದಿ ಹೆಚ್ಚಾದರೆ ಲಾಭ ಕಡಿಮೆಯಾಗಬೇಕಲ್ಲವೇ? ಆದರೆ ನಾವು ಮಾಲಿನ ಹೆಸರು, ಸಂಖ್ಯೆ ಹಾಕಿ ಬಿಲ್ಲು ಏರಿಸುತ್ತಿದ್ದೆವು. ಖರೀದಿ ಎಷ್ಟು ಹೆಚ್ಚಾಯಿತೋ ಕಂಪ್ಯೂಟರಿನ ದಾಸ್ತಾನೂ ಅಷ್ಟೇ ಹೆಚ್ಚಾಯಿತು. ಒಂದನ್ನೊಂದು ಹೊಡೆದುಹಾಕಿ ಲಾಭ ಇದ್ದಲ್ಲೇ ಉಳಿಯಿತು. ಕೈಯಿಂದ ಎಣಿಸುವ ತನಕ ಅದು ಹೊರಗೆ ಬರುವಂತೆಯೇ ಇರಲಿಲ್ಲ. ಎಣಿಸಿದಾಗಲೂ ಬರಹದ ತಪ್ಪಾಗಿ ಬರಲಿಲ್ಲ, ಕಳವಿನ ವೇಷ ಹಾಕಿಕೊಂಡು ಬಂತು.

ನವೆಂಬರ್ 3, ಶನಿವಾರ. ಬೆಂಗಳೂರಿನ ಪೈಪು ವಿತರಕರ ವಸೂಲಿ ಮನುಷ್ಯ ಬಂದ. ದೀಪಾವಳಿಗೆ ಮುಂಚೆ ಹಳೇ ಬಾಕಿ ತೀರಿಸಿಬಿಡುವುದು ಪೇಟೆಯ ಪದ್ಧತಿ. ನಾನು ಕೊಟ್ಟಿದ್ದ ಬಾಕಿ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ₹2,46,138 ಇತ್ತು. ಸಾಹುಕಾರರು ಅಷ್ಟಕ್ಕೇ ಚೆಕ್ಕು ಬರೆದು ಸಹಿ ಮಾಡಿ, ಕೊಡುವ ಮೊದಲು ಓದಿ ಹೇಳಿದರು. ಆ ಮನುಷ್ಯ ತನ್ನ ಹಾಳೆ ತೆಗೆದು ನೋಡಿ, “ಇಷ್ಟಿಲ್ಲ ಸಾಹುಕಾರ್ರೆ. ನಮ್ಮ ಲೆಕ್ಕದಲ್ಲಿ ₹1,46,310 ಇದೆ” ಅಂದ.

ನಾನು ಅಲ್ಲೇ ಇದ್ದೆ. ಕಳೆದು ನೋಡಿದೆ: ₹99,828.

ಲೆಕ್ಕ ಬರೆಯುವವರಿಗೆ ಈ ಘಳಿಗೆ ಗೊತ್ತಿರುತ್ತದೆ. ಅಂತರ ಬಂದಾಗ ಮೊದಲು ಮಾಡಬೇಕಾದ ಕೆಲಸ, ಅದೇ ಮೊತ್ತದ ಬಿಲ್ಲು ಖಾತೆಯಲ್ಲಿ ಇದೆಯೇ ಎಂದು ನೋಡುವುದು. ನನಗೆ ಒಂದಲ್ಲ, ಎರಡು ಸಿಕ್ಕವು. ಆಗಸ್ಟ್ 21ಕ್ಕೆ ಒಂದು ₹99,828. ಸೆಪ್ಟೆಂಬರ್ 14ಕ್ಕೆ ಇನ್ನೊಂದು ₹99,828. ಎರಡರಲ್ಲೂ ನಾಲ್ಕಿಂಚಿನ ಪೈಪು 60, ಒಂದಿಂಚಿನದು 120. ಅರವತ್ತು ಎಂಬ ಸಂಖ್ಯೆ ನೋಡಿದ ಕೂಡಲೇ ನನಗೆ ನೆನಪಾದದ್ದು ಗಲ್ಲಾಪೆಟ್ಟಿಗೆಯಲ್ಲಿದ್ದ ಆ ಕೀಲಿ.

ಚೆಕ್ಕು ಹರಿದು ₹1,46,310ಕ್ಕೆ ಬೇರೆ ಬರೆದುಕೊಟ್ಟರು. ವಸೂಲಿಯವನು ಹೋದ ಮೇಲೆ ನಾನು ಬಿಲ್ಲುಗಳ ಗಂಟು ಬಿಚ್ಚಿದೆ. ಸೆಪ್ಟೆಂಬರಿನ ಬಿಲ್ಲು ಕಾಗದದ್ದು. ಅದರ ಮೂಲೆಯಲ್ಲಿ ನನ್ನ ಕೆಂಪು ಮಸಿಯ ಗೀಟು, ವೋಚರ್ ನಂಬರು ಎರಡೂ ಇದ್ದವು. ಆಗಸ್ಟಿನದಕ್ಕೆ ಕಾಗದವೇ ಸಿಗಲಿಲ್ಲ. ಆಗ ಎಲ್ಲ ನೆನಪಾಯಿತು. ವಿತರಕರು ಮಾಲು ಕಳಿಸುವ ದಿನವೇ ಬಿಲ್ಲಿನ ಫೋಟೋ ವಾಟ್ಸಾಪಿಗೆ ಹಾಕಿದ್ದರು. ಮಾಲು ಬರುತ್ತಲೇ ಮಾರಾಟಕ್ಕೆ ಬಿಲ್ಲು ಮಾಡಲು ಬೇಕು ಎಂದು ಸಾಹುಕಾರರು ಅವಸರ ಮಾಡಿದ್ದರು, ನಾನು ಫೋಟೋ ನೋಡಿಯೇ ಏರಿಸಿದ್ದೆ. ಬಿಲ್ ನಂಬರನ್ನು ಬರೀ 1187 ಎಂದು ಹಾಕಿದ್ದೆ. ಮಾಲಿನ ಜೊತೆ ಬಂದ ಕಾಗದದ ಬಿಲ್ಲು ಲಾರಿಯ ಬಿಲ್ಟಿಯ ಜೊತೆ ಸಾಹುಕಾರರ ಖಾನೆಯಲ್ಲಿ ಮೂರು ವಾರ ಮಲಗಿತ್ತು. ಗಣಪತಿ ಹಬ್ಬದ ಮರುದಿನ ಅವರು ಖಾನೆ ಚೊಕ್ಕ ಮಾಡಿ ಇದ್ದಬದ್ದ ಕಾಗದವನ್ನೆಲ್ಲ ನನ್ನ ಮೇಜಿನ ಮೇಲೆ ಇಟ್ಟರು. ಅದರ ಮೇಲೆ ಗೀಟು ಇರಲಿಲ್ಲ. ಗೀಟಿಲ್ಲದ ಬಿಲ್ಲು ಏರಿಸದ ಬಿಲ್ಲು ಎಂಬುದು ನನ್ನ ನಿಯಮ. ಏರಿಸಿದೆ. ಈ ಸಲ ನಂಬರನ್ನು ಅಚ್ಚಾಗಿದ್ದ ಹಾಗೆ 18-19/1187 ಎಂದು ಪೂರ್ತಿ ಹಾಕಿದೆ, ತಾರೀಖು ನನ್ನ ಕೈಗೆ ಬಂದ ದಿನದ್ದು. ಕಂಪ್ಯೂಟರಿಗೆ ಅವು ಎರಡು ಬೇರೆ ಬಿಲ್ಲು.

ಹದಿನೈದು ವರ್ಷ ಕಾಪಾಡಿದ್ದ ಕೆಂಪು ಗೀಟು ಅಲ್ಲಿ ಕೈಕೊಟ್ಟಿತು. ಫೋಟೋದ ಮೇಲೆ ಗೀಟು ಎಳೆಯಲು ಬರುವುದಿಲ್ಲ. ಪದ್ಧತಿ ಕಾಗದಕ್ಕೆ ಹುಟ್ಟಿದ್ದು, ನಾನು ಕಾಗದ ಬಿಟ್ಟು ಬರೆದೆ. ಅದು ನನ್ನ ತಪ್ಪು, ಮತ್ತೊಬ್ಬರದಲ್ಲ.

ಮೊತ್ತ ಸೇರಿತು, ಸಂಖ್ಯೆ ಸೇರಿತು ಎಂದ ಮಾತ್ರಕ್ಕೆ ಎರಡು ಸಲ ಬರೆದದ್ದೇ ನಿಜ ಎಂದು ತೀರ್ಮಾನಿಸಲು ಆಗದು. ಒಂದೇ ಅಳತೆಯ ಮಾಲು ತಿಂಗಳಿಗೊಮ್ಮೆ ತರಿಸುವ ಅಂಗಡಿಗಳಿವೆ. ಅಲ್ಲಿ ಒಂದೇ ಮೊತ್ತದ ಎರಡು ಬಿಲ್ಲು ಎರಡೂ ಖರೆಯೇ ಇರಬಹುದು. ಹಾಗಾಗಿ ಕಾಗದದ ಬಿಲ್ಲನ್ನೂ ಫೋಟೋವನ್ನೂ ಪಕ್ಕಪಕ್ಕ ಇಟ್ಟೆ. ಬಿಲ್ಲಿನ ತಾರೀಖು ಎರಡರಲ್ಲೂ ಆಗಸ್ಟ್ 20. ಐವತ್ತು ಸಾವಿರ ದಾಟಿದ ಮಾಲು ಕರ್ನಾಟಕದ ಒಳಗೆ ಓಡಾಡಲಿಕ್ಕೂ ಆ ವರ್ಷದ ಏಪ್ರಿಲಿನಿಂದ ಇ-ವೇ ಬಿಲ್ ಕಡ್ಡಾಯವಾಗಿತ್ತು. ಎರಡರ ಮೇಲೂ ಇದ್ದ ಇ-ವೇ ಬಿಲ್ ನಂಬರು ಒಂದೇ. ಲಾರಿಯ ಬಿಲ್ಟಿಯೂ ಒಂದೇ. ಕೊನೆಗೆ ಜಿಎಸ್‌ಟಿ ಪೋರ್ಟಲಿನಲ್ಲಿ, ನಮಗೆ ಮಾರಿದವರು ತೋರಿಸಿದ ಬಿಲ್ಲುಗಳು ಕಾಣುವ 2ಎ ಪಟ್ಟಿ ತೆಗೆದೆ. ಅಲ್ಲಿ 1187 ಒಂದೇ ಸಲ ಇತ್ತು. ಈ ಪಟ್ಟಿಯನ್ನು ಪ್ರತಿ ತಿಂಗಳೂ ನೋಡಿದ್ದರೆ ಅಕ್ಟೋಬರಿನಲ್ಲೇ ಸಿಗುತ್ತಿತ್ತು. ಆಗಿನ ದಿನಗಳಲ್ಲಿ ನಾವೆಲ್ಲ ಪುಸ್ತಕದ ಅಂಕಿಯನ್ನೇ ರಿಟರ್ನಿಗೆ ತುಂಬುತ್ತಿದ್ದೆವು.

ರಾತ್ರಿ ಧಾರವಾಡಕ್ಕೆ ಬಂದು ಸರಿಪಡಿಸುವ ಬಗೆ ಯೋಚಿಸಿದೆ. ಸುಲಭದ ದಾರಿ ಎಂದರೆ ಸೆಪ್ಟೆಂಬರಿನ ಎಂಟ್ರಿಯನ್ನು ಅಳಿಸಿಬಿಡುವುದು. ಒಂದು ಕೀಲಿ ಒತ್ತಿದರೆ ಮುಗಿಯಿತು. ಅದೇ ತಿಂಗಳಲ್ಲಿ ಸಿಕ್ಕಿದ್ದರೆ, ರಿಟರ್ನ್ ಇನ್ನೂ ಹೋಗಿರದಿದ್ದರೆ, ನಾನೂ ಅಳಿಸುತ್ತಿದ್ದೆ. ಆದರೆ ಸೆಪ್ಟೆಂಬರಿನ ಜಿಎಸ್‌ಟಿಆರ್-3ಬಿ ಅಕ್ಟೋಬರ್ 20ಕ್ಕೆ ಹೋಗಿಯಾಗಿತ್ತು, ಆ ಬಿಲ್ಲಿನ ₹15,228 ತೆರಿಗೆ ಕ್ರೆಡಿಟ್ ಅದರಲ್ಲಿ ಸೇರಿತ್ತು. ಈಗ ಅಳಿಸಿದರೆ ಸೆಪ್ಟೆಂಬರಿನ ಪುಸ್ತಕ ಒಂದು ಹೇಳುತ್ತದೆ, ಸರ್ಕಾರಕ್ಕೆ ಕೊಟ್ಟ ರಿಟರ್ನ್ ಇನ್ನೊಂದು ಹೇಳುತ್ತದೆ. ಆ ಅಂತರಕ್ಕೆ ಕಾರಣ ತೋರಿಸುವ ಕುರುಹು ಎಲ್ಲಿಯೂ ಉಳಿಯುವುದಿಲ್ಲ.

ನಮ್ಮಪ್ಪ ಜವಳಿ ಸಾಲಿನ ಒಂದು ಅಂಗಡಿಯಲ್ಲಿ ಕೀರ್ದಿ ಬರೆಯುತ್ತಿದ್ದರು. ಬರೆದ ಸಾಲನ್ನು ಅವರು ಎಂದೂ ಕೆರೆಯುತ್ತಿರಲಿಲ್ಲ. ತಪ್ಪು ಸಿಕ್ಕ ದಿನದ ಪುಟದಲ್ಲಿ ಅದರ ಉಲ್ಟಾ ಸಾಲು ಬರೆದು, ಹಳೇ ಸಾಲಿನ ಪಕ್ಕ ಹೊಸ ಪುಟದ ನಂಬರನ್ನೂ ಹೊಸ ಸಾಲಿನ ಪಕ್ಕ ಹಳೇ ಪುಟದ ನಂಬರನ್ನೂ ಸಣ್ಣದಾಗಿ ಹಾಕುತ್ತಿದ್ದರು. ಯಾವ ಕಡೆಯಿಂದ ಬಂದವರಿಗೂ ಇನ್ನೊಂದು ಕಡೆಗೆ ದಾರಿ ಇರುತ್ತಿತ್ತು. ನಾನೂ ಅದನ್ನೇ ಮಾಡಿದೆ. ಅಕ್ಟೋಬರಿನ ರಿಟರ್ನ್ ಇನ್ನೂ ಕಳಿಸಿರಲಿಲ್ಲವಾದ್ದರಿಂದ ಅಕ್ಟೋಬರ್ 31ರ ತಾರೀಖಿಗೆ ಉಲ್ಟಾ ಎಂಟ್ರಿ ಹಾಕಿದೆ: ವಿತರಕರ ಖಾತೆಯಲ್ಲಿ ಕೊಡಬೇಕಾದದ್ದು ₹99,828 ಕಡಿಮೆ, ಎದುರಿಗೆ ಖರೀದಿ ₹84,600 ಕಡಿಮೆ, ಕೇಂದ್ರದ ತೆರಿಗೆ ₹7,614 ಕಡಿಮೆ, ರಾಜ್ಯದ ತೆರಿಗೆ ₹7,614 ಕಡಿಮೆ. ದಾಸ್ತಾನಿನಿಂದ ನಾಲ್ಕಿಂಚಿನದು 60 ಮತ್ತು ಒಂದಿಂಚಿನದು 120 ಹೊರಗೆ. ಮಾಲಿನ ಸಂಖ್ಯೆ ತೆಗೆಯುವುದನ್ನು ಮರೆತು ಬರೀ ರೂಪಾಯಿ ಸರಿಮಾಡುವವರಿದ್ದಾರೆ. ಹಾಗೆ ಮಾಡಿದರೆ ವಿತರಕರ ಬಾಕಿ ಸರಿಹೋಗುತ್ತದೆ, ಗೋದಾಮಿನ ಹುಡುಗ ಮಾತ್ರ ಕಳ್ಳನಾಗಿಯೇ ಉಳಿಯುತ್ತಾನೆ.

ರವಿವಾರ ಕೂತು ಸಾಹುಕಾರರಿಗೆ ಒಂದು ಚೀಟಿ ಬರೆದೆ. ಬಾಯಲ್ಲಿ ಹೇಳಿದರೆ ಸಾಲದು, ಲಕ್ಷದ ಹತ್ತಿರದ ಅಂಕಿ ಬದಲಾಗಿದೆ, ಕಾಗದದ ಮೇಲೆ ಇರಬೇಕು ಅನಿಸಿತು. ಸೋಮವಾರ ಬೆಳಿಗ್ಗೆ ಕೊಟ್ಟೆ. “ದಿನಾಂಕ 14-9-2018ರ ಖರೀದಿ ವೋಚರ್ ದ್ವಿರಾವೃತ್ತಿಯಾಗಿದ್ದು, ಸದರಿ ವೋಚರನ್ನು ರಿವರ್ಸಲ್ ಮೂಲಕ ಸರಿಪಡಿಸಲಾಗಿದೆ” ಎಂದು ಶುರುವಾಗಿ, ಖಾತೆಗಳ ಹೆಸರು, ಡೆಬಿಟ್ಟು, ಕ್ರೆಡಿಟ್ಟು ಎಲ್ಲ ಇತ್ತು. ಒಂದು ಅಂಕಿಯೂ ತಪ್ಪಿರಲಿಲ್ಲ. ಅವರು ಚಷ್ಮಾ ಹಾಕಿಕೊಂಡು ಎರಡು ಸಲ ಓದಿದರು.

“ಅಕ್ಕಾರ, ನನ್ನ ರೊಕ್ಕ ಹೋತೋ ಉಳೀತೋ, ಇದರಾಗ ಎಲ್ಲಿ ಬರದೀರಿ? ಪೈಪು ಎಲ್ಲಿ ಹೋದುವು?” ಸ್ವಲ್ಪ ತಡೆದು, ದನಿ ಇಳಿಸಿ, “ಆ ಹುಡುಗಂದು ತಪ್ಪೈತೋ ಇಲ್ಲೋ?” ಅಂದರು.

ಅವರು ಕೇಳಿದ ಮೂರಕ್ಕೂ ನನ್ನ ಚೀಟಿಯಲ್ಲಿ ಉತ್ತರವಿತ್ತು. ಆದರೆ ಅದು ನನ್ನ ಭಾಷೆಯಲ್ಲಿತ್ತು. ನಾನು ಆಡಿಟರಿಗೆ ಬರೆದ ಕಾಗದವನ್ನು ಅಂಗಡಿಯವರ ಕೈಗೆ ಕೊಟ್ಟಿದ್ದೆ. ಹಾಳೆ ವಾಪಸು ಇಸಿದುಕೊಂಡು ಅಲ್ಲೇ ಗಲ್ಲಾದ ಪಕ್ಕ ಕೂತು ಮತ್ತೆ ಬರೆದೆ. ಅದರ ಪ್ರತಿ ಇನ್ನೂ ನನ್ನ ಹತ್ತಿರ ಇದೆ.

“ಸಾಹುಕಾರರಿಗೆ ನಮಸ್ಕಾರ. ಗೋದಾಮಿನಿಂದ ಮಾಲು ಎಲ್ಲಿಯೂ ಹೋಗಿಲ್ಲ. ಬೆಂಗಳೂರಿನವರ 1187 ನಂಬರಿನ ಬಿಲ್ಲನ್ನು ನಾನು ಎರಡು ಸಲ ಏರಿಸಿದ್ದೇನೆ, ಆಗಸ್ಟ್ 21ಕ್ಕೆ ಫೋಟೋ ನೋಡಿ ಒಮ್ಮೆ, ಸೆಪ್ಟೆಂಬರ್ 14ಕ್ಕೆ ಕಾಗದ ನೋಡಿ ಇನ್ನೊಮ್ಮೆ. ಮಾಲು ಬಂದದ್ದು ಒಂದೇ ಸಲ. ಹೀಗಾಗಿ ಕಂಪ್ಯೂಟರಿನಲ್ಲಿ ನಾಲ್ಕಿಂಚಿನ 60, ಒಂದಿಂಚಿನ 120 ಪೈಪು ಹೆಚ್ಚಿಗೆ ಇದ್ದವು. ಎಣಿಕೆಯಲ್ಲಿ ಕಡಿಮೆ ಬಂದದ್ದು ಅವೇ. ಇದರಲ್ಲಿ ಗೋದಾಮು ನೋಡಿಕೊಳ್ಳುವವರ ತಪ್ಪಿಲ್ಲ, ತಪ್ಪು ನನ್ನದು.

“ನಿಮ್ಮ ರೊಕ್ಕ ಹೋಗಿಲ್ಲ. ಬೆಂಗಳೂರಿನವರಿಗೆ ಕೊಡಬೇಕಾದದ್ದು ₹1,46,310; ಪಟ್ಟಿಯಲ್ಲಿ ನಾನು ₹2,46,138 ತೋರಿಸಿದ್ದೆ. ಶನಿವಾರ ನೀವು ಸರಿಯಾದ ಮೊತ್ತವನ್ನೇ ಕೊಟ್ಟಿದ್ದೀರಿ. ಅವರ ಕಡೆ ಯಾವ ತಪ್ಪೂ ಇಲ್ಲ, ಅವರಿಗೆ ಯಾವ ಕಾಗದವನ್ನೂ ಕಳಿಸಬೇಕಾಗಿಲ್ಲ.

“ಸೆಪ್ಟೆಂಬರ್ ತಿಂಗಳ ತೆರಿಗೆಯಲ್ಲಿ ಈ ಬಿಲ್ಲಿನ ₹15,228 ಹೆಚ್ಚಿಗೆ ಕಳೆದುಕೊಂಡಿದ್ದೇವೆ. ಅದನ್ನು ಇದೇ 20ನೇ ತಾರೀಖಿನ ರಿಟರ್ನಿನಲ್ಲಿ ವಾಪಸು ತೋರಿಸುತ್ತೇನೆ. ಈ ತಿಂಗಳು ಅಷ್ಟು ತೆರಿಗೆ ಹೆಚ್ಚಿಗೆ ಬರುತ್ತದೆ, ಅದು ದಂಡವಲ್ಲ, ಹೋದ ತಿಂಗಳು ಕಟ್ಟದೇ ಉಳಿದದ್ದು. ಒಂದು ತಿಂಗಳ ಬಡ್ಡಿ ₹234 ನಗದು ಕಟ್ಟಬೇಕು. ಲಾಭದಲ್ಲಿ ಬೇರೆ ವ್ಯತ್ಯಾಸ ಇಲ್ಲ. ಹಳೇ ಎಂಟ್ರಿಯನ್ನು ಅಳಿಸಿಲ್ಲ; ಅಕ್ಟೋಬರ್ 31ಕ್ಕೆ ಅದರ ಉಲ್ಟಾ ಎಂಟ್ರಿ ಹಾಕಿ, ಎರಡರಲ್ಲೂ ಒಂದಕ್ಕೊಂದರ ನಂಬರು ಬರೆದಿದ್ದೇನೆ. ಇನ್ನು ಮುಂದೆ ಮಾಲಿನ ಜೊತೆ ಬಂದ ಕಾಗದದ ಬಿಲ್ಲಿನಿಂದ ಮಾತ್ರ ಏರಿಸುತ್ತೇನೆ.”

ಬಡ್ಡಿಯ ಲೆಕ್ಕ ಇಷ್ಟೇ: ₹15,228ಕ್ಕೆ ವರ್ಷಕ್ಕೆ ಶೇಕಡಾ 18ರಂತೆ, ಅಕ್ಟೋಬರ್ 20ರಿಂದ ನವೆಂಬರ್ 20ರ ತನಕ 31 ದಿನ, ಸುಮಾರು ₹233. ಕೇಂದ್ರಕ್ಕೆ ₹117, ರಾಜ್ಯಕ್ಕೆ ₹117 ಎಂದು ಕಟ್ಟಿದ್ದರಿಂದ ₹234 ಆಯಿತು. ಹೆಚ್ಚಿಗೆ ತೆಗೆದುಕೊಂಡ ಕ್ರೆಡಿಟ್ಟನ್ನು ಸೆಪ್ಟೆಂಬರಿನ ತೆರಿಗೆಗೆ ಬಳಸಿಯಾಗಿತ್ತು, ಹಾಗಾಗಿ ಬಡ್ಡಿ ಬಂತು. ಬಳಸದೇ ಖಾತೆಯಲ್ಲಿ ಹಾಗೇ ಬಿದ್ದಿದ್ದರೆ ಬಡ್ಡಿ ಇಲ್ಲ ಎಂದು ಮುಂದೆ 2022ರಲ್ಲಿ ಕಾನೂನೇ ಸ್ಪಷ್ಟ ಮಾಡಿತು. ಬಡ್ಡಿಯನ್ನು ಕ್ರೆಡಿಟ್ಟಿನಿಂದ ಕಟ್ಟಲು ಬರುವುದಿಲ್ಲ, ನಗದೇ ಆಗಬೇಕು. ಚೀಟಿಯಲ್ಲಿ ಆ ಮಾತು ಹಾಕಿದ್ದು ಅದಕ್ಕೇ.

ಈ ಸಲ ಓದಿ ಮುಗಿಸಿ ಅವರು ಒಂದೇ ಪ್ರಶ್ನೆ ಕೇಳಿದರು. “ಬೆಂಗಳೂರಿನವರಿಗೆ ಒಂದು ಡೆಬಿಟ್ ನೋಟ್ ಕಳಿಸಿಬಿಟ್ರ ಮುಗೀತಿರಲಿಲ್ಲೇನ್ರಿ?” ಇದನ್ನು ಬಹಳ ಅಂಗಡಿಯವರು ಕೇಳುತ್ತಾರೆ, ಲೆಕ್ಕ ಬರೆಯುವವರೂ ಕೆಲವರು ಮಾಡಿಬಿಡುತ್ತಾರೆ. ಡೆಬಿಟ್ ನೋಟ್ ಎಂದರೆ ಮಾಲು ವಾಪಸು ಕಳಿಸಿದ್ದೇವೆ, ಅಥವಾ ದರ ಹೆಚ್ಚು ಹಾಕಿದ್ದೀರಿ, ನಿಮ್ಮ ಬಾಕಿಯಲ್ಲಿ ಇಷ್ಟು ಕಳೆಯಿರಿ ಎಂದು ಎದುರಿನವರಿಗೆ ಹೇಳುವ ಕಾಗದ. ಅವರ ಪುಸ್ತಕದಲ್ಲಿ ಬಿಲ್ಲು ಇರುವುದೇ ಒಂದು. ಶನಿವಾರದ ಚೆಕ್ಕಿಗೆ ಮುಂಚೆ ಅಂಥ ಕಾಗದ ಕಳಿಸಿ, ಅವರ ಗುಮಾಸ್ತ ನೋಡದೇ ಒಪ್ಪಿದ್ದರೆ ನಮ್ಮ ಬಾಕಿ ₹46,482ಕ್ಕೆ ಇಳಿಯುತ್ತಿತ್ತು, ಖರೇ ಬಂದ ಮಾಲಿಗೆ ನಾವು ರೊಕ್ಕ ಕೊಡದ ಹಾಗಾಗುತ್ತಿತ್ತು. ನಮ್ಮ ಮನೆಯ ತಪ್ಪನ್ನು ಅವರ ಮನೆಗೆ ಕಳಿಸುವುದು ಬೇಡ ಅಂದೆ. ಒಪ್ಪಿದರು.

ನವೆಂಬರ್ 20ಕ್ಕೆ ಅಕ್ಟೋಬರಿನ 3ಬಿ ತುಂಬುವಾಗ ಆ ₹15,228ನ್ನು ಆ ತಿಂಗಳ ಕ್ರೆಡಿಟ್ಟಿನಲ್ಲಿ ಸುಮ್ಮನೆ ಕಡಿಮೆ ಮಾಡಿ ತೋರಿಸದೆ, ವಾಪಸಾತಿಯ ಸಾಲು 4(B)(2)ರಲ್ಲಿ ಬೇರೆಯಾಗಿ ಹಾಕಿದೆ. ಕೊನೆಯ ಮೊತ್ತ ಎರಡೂ ದಾರಿಯಲ್ಲಿ ಒಂದೇ ಬರುತ್ತದೆ. ಬೇರೆ ಹಾಕಿದರೆ ಮುಂದೆ ನೋಡುವವರಿಗೆ ಸರಿಪಡಿಸಿದ್ದು ಎದ್ದು ಕಾಣುತ್ತದೆ. ಈಗ ಪರಿಸ್ಥಿತಿ ಬದಲಾಗಿದೆ. 2020ರಲ್ಲಿ 2ಬಿ ಪಟ್ಟಿ ಬಂತು, 2022ರ ಜನವರಿಯಿಂದ ಮಾರಿದವರು ತೋರಿಸಿದ ಬಿಲ್ಲಿಗಷ್ಟೇ ಕ್ರೆಡಿಟ್ಟು. ತೆರಿಗೆಯ ಮಟ್ಟಿಗೆ ಎರಡನೇ ಎಂಟ್ರಿ ಈಗ ಮುಂದಿನ ತಿಂಗಳೇ ಸಿಕ್ಕಿಬೀಳುತ್ತದೆ, ಆ ಪಟ್ಟಿಯ ಜೊತೆ ಪುಸ್ತಕ ತಾಳೆ ನೋಡಿದರೆ. ಗೋದಾಮಿನ ಸಂಖ್ಯೆಯನ್ನೂ ವಿತರಕರ ಬಾಕಿಯನ್ನೂ ಯಾವ ಪೋರ್ಟಲೂ ನೋಡುವುದಿಲ್ಲ. ಈಗಲೂ ನಾನು ಮೂರು ತಿಂಗಳಿಗೊಮ್ಮೆ ದೊಡ್ಡ ವಿತರಕರಿಂದ ಖಾತೆಯ ಉತಾರ ತರಿಸಿ ಸಾಲು ಸಾಲು ಗೀಟು ಹಾಕುತ್ತೇನೆ.

ಅವತ್ತಿನ ಸೋಮವಾರಕ್ಕೆ ಬರುತ್ತೇನೆ. ಸಾಹುಕಾರರು ಚೀಟಿಯನ್ನು ಕೈಯಲ್ಲಿ ಹಿಡಿದೇ ಹುಡುಗನನ್ನು ಕರೆದರು. “ಬಾ ತಮ್ಮಾ ಇಲ್ಲಿ” ಎಂದು ಮೊದಲನೆಯ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿದರು. ಗಿರಾಕಿಗಳು ಇಬ್ಬರು ನಿಂತಿದ್ದರು, ಅವರೂ ಕೇಳಿದರು. ಓದಿ ಮುಗಿಸಿ ಗಲ್ಲಾಪೆಟ್ಟಿಗೆಯಿಂದ ಕೀಲಿ ತೆಗೆದು ಅವನ ಕೈಗೆ ಕೊಟ್ಟರು. ನಾನು ಎದ್ದು ನಿಂತು, “ನನ್ನಿಂದ ತಪ್ಪಾತಪ್ಪಾ” ಅಂದೆ. ಅವನು ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಹೊರಡಲಿಲ್ಲ.

“ಅಕ್ಕಾರ, ನೀವು ಓದಿಸಿದ್ರಾಗ ಒಂದಿಂಚಿಂದು ನೂರಾ ಇಪ್ಪತ್ತು ಐತಿ. ಎಣಿಸಿದಾಗ ಕಡಿಮಿ ಬಂದದ್ದು ನೂರಾ ಹತ್ತೊಂಬತ್ತು.”

ಹೌದು. ಕಂಪ್ಯೂಟರಿನಲ್ಲಿ 171 ಇತ್ತು, ಎಣಿಸಿದಾಗ 52. ನೂರಾ ಇಪ್ಪತ್ತು ತೆಗೆದರೆ ಪುಸ್ತಕದಲ್ಲಿ ಉಳಿಯುವುದು 51. ಒಂದು ಪೈಪು ಹೆಚ್ಚಿಗೆ ಇತ್ತು. ಅದು ನನಗೂ ಗೊತ್ತಿತ್ತು. ಒಂದೇ ತಾನೇ, ಎಣಿಕೆಯ ತಪ್ಪಿರಬೇಕು ಎಂದು ಬಿಟ್ಟಿದ್ದೆ.

“ಎಣಿಕಿ ತಪ್ಪಿಲ್ರಿ” ಅಂದ ಅವನು. “ದಸರಾದ ಮುಂದ ಕೇಶ್ವಾಪುರದ ಪ್ಲಂಬರ್ ಒಬ್ಬಾವ ಹೆಚ್ಚಿಗಿ ಉಳೀತಂತ ಒಂದು ಪೈಪ್ ತಂದು ಗೋದಾಮದಾಗ ಇಟ್ಟ ಹೋಗ್ಯಾನ. ಚೀಟಿ ಆಮ್ಯಾಲ ತರ್ತೇನಿ ಅಂದಾವ ತಂದಿಲ್ಲ. ಬಾಗಲದ ಹಿಂದ ಬ್ಯಾರೇನ ನಿಲ್ಲಿಸೇನಿ.”

ನಾನು ಕಂಪ್ಯೂಟರ್ ಮುಂದೆ ಕೂತು ಆ ಪ್ಲಂಬರನ ಖಾತೆ ತೆಗೆದೆ. ಬಿಲ್ಲಿನ ನಂಬರು ಹುಡುಕಿ, ಒಂದಿಂಚಿನ ಪೈಪು ಒಂದು, ಮಾರಾಟ ವಾಪಸು ಎಂದು ಬರೆದೆ. ದಾಸ್ತಾನು 52 ಆಯಿತು.